ಅಚ್ಚಿಗೆ ಹೋಗುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ರಾಗಿ ಮಾಲ್ಟ್ ತಯಾರಿಸುವ ಒಂದು ಸಣ್ಣ ಘಟಕ ದೀಪಾವಳಿಗೆ ಕರಪತ್ರ ಹಂಚಲಿದೆ ಎಂದಿಟ್ಟುಕೊಳ್ಳೋಣ. ಅದರ ಕರಡು ಹೀಗಿದೆ: “ಹಬ್ಬದ ಭರ್ಜರಿ ಕೊಡುಗೆ! ಶುದ್ಧ, ನೈಸರ್ಗಿಕ ರಾಗಿ ಮಾಲ್ಟ್. ಸಕ್ಕರೆ ಇಲ್ಲವೇ ಇಲ್ಲ. ಒಂದು ಲೋಟದಲ್ಲಿ ದಿನಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ. ಮಧುಮೇಹ, ಮೂಳೆ ಸವೆತಕ್ಕೆ ರಾಮಬಾಣ. ವೈದ್ಯರೇ ಶಿಫಾರಸು ಮಾಡಿದ್ದು. ಕೇವಲ ₹199. ಎರಡು ಕೊಂಡರೆ ಒಂದು ಉಚಿತ*. ಭಾನುವಾರದವರೆಗೆ ಮಾತ್ರ. ಇಂದೇ ಕರೆ ಮಾಡಿ.”

ಇದು ನಾಲ್ಕು ಜನರ ಕೈ ದಾಟಿ ಬಂದಿರುತ್ತದೆ. ಮಾಲೀಕರು ನೋಡಿ “ಚೆನ್ನಾಗಿದೆ” ಅಂದಿರುತ್ತಾರೆ. ಅವರ ಮಗಳು ಬಣ್ಣ ಇನ್ನಷ್ಟು ಗಾಢವಾಗಲಿ ಅಂದಿರುತ್ತಾಳೆ. ಡಿಟಿಪಿ ಮಾಡಿದವರು ಒಂದು ಕಾಗುಣಿತ ತಿದ್ದಿರುತ್ತಾರೆ. ಲೆಕ್ಕ ಬರೆಯುವವರು ಬೆಲೆಯನ್ನಷ್ಟೇ ನೋಡಿ ತಲೆ ಆಡಿಸಿರುತ್ತಾರೆ. ಆದರೂ ಈ ಹತ್ತು ಪುಟ್ಟ ವಾಕ್ಯಗಳಲ್ಲಿ ಹಾಗೆಯೇ ಅಚ್ಚಿಗೆ ಹೋಗಬಾರದ ಮಾತುಗಳು ಕಡಿಮೆಯೆಂದರೂ ಎಂಟಿವೆ. ಯಾರೂ ಅಸಡ್ಡೆ ಮಾಡಿದವರಲ್ಲ. “ಒಮ್ಮೆ ನೋಡಿ ಕೊಡಿ” ಎಂದು ಕೈಗೆ ಕೊಟ್ಟಾಗ ಮನುಷ್ಯ ತನಗೆ ಹಿತವಾಗಿದೆಯೇ ಎಂದಷ್ಟೇ ನೋಡುತ್ತಾನೆ. ಏನನ್ನು ಹುಡುಕಬೇಕೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಹುಡುಕಬೇಕಾದುದನ್ನು ಬರೆದಿಟ್ಟುಕೊಳ್ಳುವ ಪದ್ಧತಿ ವಿಮಾನದ ಲೋಕದಿಂದ ಬಂದದ್ದು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಿಯೋ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ‘ಮಾಡೆಲ್ 299’ ಎಂಬ ಹೊಸ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. ಯಂತ್ರ ಕೆಟ್ಟಿರಲಿಲ್ಲ, ಚಾಲಕನೂ ನುರಿತವನೇ. ನಿಂತ ವಿಮಾನದ ಬಾಲದ ರೆಕ್ಕೆಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ಹಾರುವ ಮೊದಲು ತೆಗೆಯುವುದು ಮರೆತುಹೋಗಿತ್ತು. ಸೇನೆಯ ಚಾಲಕರು ಇದಕ್ಕೆ ಕಂಡುಕೊಂಡ ಮದ್ದು ಒಂದು ಚಿಕ್ಕ ಪಟ್ಟಿ. ಏಳು ದಶಕಗಳ ನಂತರ ಬಾಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ತಮ್ಮ ತಂಡದೊಂದಿಗೆ ಶಸ್ತ್ರಚಿಕಿತ್ಸೆಗೊಂದು ಪಟ್ಟಿ ರೂಪಿಸಿದಾಗ ಅದರಲ್ಲಿದ್ದುದು 19 ಅಂಶಗಳು ಮಾತ್ರ. ಅವನ್ನು ಮೂರು ನಿಲುಗಡೆಗಳಲ್ಲಿ ಹಂಚಿದ್ದರು: ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಕೊಠಡಿ ಬಿಡುವ ಮುನ್ನ. ಪಟ್ಟಿ ಚಿಕ್ಕದಿರಬೇಕು, ಪ್ರತಿ ಪ್ರಶ್ನೆಯನ್ನೂ ಅದರ ಹೊತ್ತಿಗೆ ಕೇಳಬೇಕು. ಜಾಹೀರಾತಿನ ಕರಡಿಗೂ ಬೇಕಾದದ್ದು ಇವೆರಡೇ.

ಇಂಥ ಪಟ್ಟಿಯನ್ನು ಯಾರದೋ ಪುಸ್ತಕದಿಂದ ಎತ್ತಿಕೊಳ್ಳುವುದು ಸುಲಭ, ಆದರೆ ಅದು ಕೆಲಸಕ್ಕೆ ಬರುವುದಿಲ್ಲ. “ಬರಹ ಆಕರ್ಷಕವಾಗಿದೆಯೇ?”, “ಸಂದೇಶ ಸ್ಪಷ್ಟವಾಗಿದೆಯೇ?” ಎಂಬ ಪ್ರಶ್ನೆಗಳು ಅಲ್ಲಿ ಸಾಲುಸಾಲಾಗಿರುತ್ತವೆ. ಅವಕ್ಕೆ ಎಲ್ಲರೂ ಹೌದು ಅನ್ನುತ್ತಾರೆ, ಏಕೆಂದರೆ ಅಲ್ಲ ಅನ್ನಲು ಆಧಾರವಿಲ್ಲ. ಪಟ್ಟಿಗೆ ಸೇರಲು ಯೋಗ್ಯವಾದ ಪ್ರಶ್ನೆ ಯಾವುದೆಂದರೆ, ಉತ್ತರ ಹೇಳುವವನು ಕರಡಿನ ಒಂದು ಜಾಗಕ್ಕೋ ಮೇಜಿನ ಮೇಲಿರುವ ಒಂದು ಕಾಗದಕ್ಕೋ ಬೆರಳಿಟ್ಟು ತೋರಿಸಬಲ್ಲಂಥದ್ದು. “ಬೆಲೆ ಸರಿಯಿದೆಯೇ?” ಎಂಬುದು ಅಭಿಪ್ರಾಯ ಕೇಳುವ ಪ್ರಶ್ನೆ. “ಕರಡಿನ ಪ್ರತಿ ಬೆಲೆಯೂ ಇಂದಿನ ದರಪಟ್ಟಿಯ ಜೊತೆ ತಾಳೆಯಾಗುತ್ತದೆಯೇ?” ಎಂಬುದು ಬೆರಳಿಡುವ ಪ್ರಶ್ನೆ.

ಅಂಥ ಪ್ರಶ್ನೆಗಳು ಹುಟ್ಟುವುದು ನಿಮ್ಮದೇ ಹಳೆಯ ಕಡತದಿಂದ. ಕಳೆದ ವರ್ಷ ನಿಮ್ಮಲ್ಲಿಂದ ಹೊರಹೋದ ಕರಪತ್ರ, ಫ್ಲೆಕ್ಸ್, ವಾಟ್ಸ್ಆಪ್ ಸಂದೇಶಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಪ್ರತಿಯೊಂದರ ನಂತರ ಏನಾಯಿತು ಎಂದು ಫೋನ್ ಎತ್ತುವವರನ್ನು, ಡೆಲಿವರಿ ಹುಡುಗರನ್ನು, ಅಂಗಡಿಯವರನ್ನು ಕೇಳಿ. “ಒಂದು ಉಚಿತ ಅಂತಿದೆ, ಅಂಗಡಿಯಲ್ಲಿ ಕೊಡುತ್ತಿಲ್ಲ” ಎಂದು ಎಷ್ಟು ಜನ ಜಗಳವಾಡಿದರು, ಯಾವ ಕರಪತ್ರದ ಫೋನ್ ನಂಬರಿನಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ. ಆ ಎಡವಟ್ಟುಗಳನ್ನು ಒಂದೊಂದೇ ಸಾಲಿನಲ್ಲಿ ಬರೆದು ಒಂದೇ ಬಗೆಯವನ್ನು ಗುಂಪು ಮಾಡಿದರೆ ಏಳೆಂಟು ಗುಂಪುಗಳು ಸಿಗುತ್ತವೆ. ಪ್ರತಿ ಗುಂಪಿಗೂ ಒಂದು ಪ್ರಶ್ನೆ. ಪ್ರಶ್ನೆಯಲ್ಲಿ ಸರಕಿನ ಹೆಸರಾಗಲಿ ಹಬ್ಬದ ಹೆಸರಾಗಲಿ ಬರಬಾರದು. ಆಗ ಮಾತ್ರ ಅದು ಇಂದಿನ ಮಾಲ್ಟಿಗೂ ನಾಳೆಯ ಹಪ್ಪಳಕ್ಕೂ ಸಲ್ಲುತ್ತದೆ.

ನಮ್ಮ ಕರಡಿನ ಮೇಲೆ ಇದನ್ನು ಪ್ರಯೋಗಿಸಿ ನೋಡೋಣ.

ಮೊದಲ ಪ್ರಶ್ನೆ ಓದುಗನಿಗೆ ಸಂಬಂಧಿಸಿದ್ದು: “ಇದನ್ನು ಯಾರು ಓದಬೇಕು, ಓದಿ ಏನು ಮಾಡಬೇಕು ಎಂಬುದು ಕರಡಿನ ನೆತ್ತಿಯ ಮೇಲೆ ಒಂದು ಸಾಲಿನಲ್ಲಿ ಬರೆದಿದೆಯೇ?” ಇದು ಅಚ್ಚಾಗುವ ಸಾಲಲ್ಲ, ತಪಾಸಣೆ ಮಾಡುವವರಿಗಾಗಿ ಬರೆಯುವುದು. ನಮ್ಮ ಕರಡಿನಲ್ಲಿ ಆ ಸಾಲು ಇಲ್ಲ. ಹೀಗಾಗಿ ಅದು ಮಕ್ಕಳ ತಾಯಂದಿರನ್ನೂ ಮಧುಮೇಹಿಗಳನ್ನೂ ಮೂಳೆ ನೋವಿನ ಹಿರಿಯರನ್ನೂ ಒಟ್ಟಿಗೆ ಕೂಗಿ ಕರೆಯುತ್ತಿದೆ. ಬಡಾವಣೆಯ ತಾಯಂದಿರಿಗೆ ಎಂದು ತೀರ್ಮಾನಿಸಿದರೆ ಅರ್ಧ ಕರಡು ತಾನಾಗಿ ಬಿದ್ದುಹೋಗುತ್ತದೆ. ಇದನ್ನು ಮೊದಲು ಕೇಳುವುದು ಅದಕ್ಕಾಗಿಯೇ. ಬಿದ್ದುಹೋಗಲಿರುವ ವಾಕ್ಯದ ಕಾಗುಣಿತ ತಿದ್ದುವುದು ಹೊತ್ತು ಕಳೆಯುವ ಕೆಲಸ.

ಎರಡನೆಯದು ಇಡೀ ಪಟ್ಟಿಯಲ್ಲಿ ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು: “ಸರಕಿನ ಬಗ್ಗೆ ಹೇಳಿದ ಪ್ರತಿ ಮಾತಿಗೂ ಆಧಾರದ ಕಾಗದ ಇದೆಯೇ?” ಇದಕ್ಕೆ ಉತ್ತರಿಸುವ ಕ್ರಮ ಸರಳ. ಕರಡಿನ ಒಂದು ಪ್ರತಿ ತೆಗೆದುಕೊಂಡು, ನಿಜವೋ ಸುಳ್ಳೋ ಎಂದು ಕೇಳಬಹುದಾದ ಪ್ರತಿ ಪದಕ್ಕೂ ಅಡಿಗೆರೆ ಎಳೆಯಿರಿ. ಅಂಚಿನಲ್ಲಿ ಸಂಖ್ಯೆ ಹಾಕಿ, ಅದೇ ಸಂಖ್ಯೆಯ ಕಾಗದವನ್ನು ಕಡತದಲ್ಲಿಡಿ. ಅದು ಪ್ರಯೋಗಾಲಯದ ವರದಿಯಾಗಿರಬಹುದು, ತಯಾರಿಕೆಯ ಅಳತೆಯ ಚೀಟಿಯಾಗಿರಬಹುದು, ನಿಯಮದ ಪ್ರತಿಯಾಗಿರಬಹುದು. ಕಾಗದ ಸಿಗದ ಪದ ಹೊರಗೆ.

‘ನೈಸರ್ಗಿಕ’ ಎಂಬುದಕ್ಕೆ ಹೀಗೆ ಗೆರೆ ಬಿದ್ದಿದೆ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಆಹಾರದ ಜಾಹೀರಾತಿಗೂ ಅದರಲ್ಲಿ ಹೇಳಿಕೊಳ್ಳುವ ಗುಣಗಳಿಗೂ ನಿಯಮ ಹೊರಡಿಸಿತು. ಅದರಂತೆ ಹಲವು ಪದಾರ್ಥ ಬೆರೆಸಿ ಮಾಡಿದ ಆಹಾರವನ್ನು ‘ನೈಸರ್ಗಿಕ’ ಎಂದು ಕರೆಯುವಂತಿಲ್ಲ. ಒಳಗಿನ ಪ್ರತಿ ಪದಾರ್ಥವೂ ಆ ಅರ್ಹತೆ ಪಡೆದಿದ್ದರೆ ‘ನೈಸರ್ಗಿಕ ಪದಾರ್ಥಗಳಿಂದ ತಯಾರಿಸಿದ್ದು’ ಎನ್ನಬಹುದು. ‘ಶುದ್ಧ’ ಎಂಬುದೂ ಏನನ್ನೂ ಬೆರೆಸದ ಒಂಟಿ ಪದಾರ್ಥಕ್ಕೆ ಮೀಸಲು. ನಮ್ಮ ಮಾಲ್ಟಿನಲ್ಲಿ ರಾಗಿಯ ಜೊತೆ ಬೆಲ್ಲದ ಪುಡಿ, ಏಲಕ್ಕಿ ಇವೆ. ಎರಡೂ ಪದಗಳು ಹೋಗಬೇಕು. ಬೆಲ್ಲ ಇದೆ ಎಂದಮೇಲೆ ‘ಸಕ್ಕರೆ ಇಲ್ಲವೇ ಇಲ್ಲ’ ಎಂಬುದೂ ನಿಲ್ಲುವುದಿಲ್ಲ. ಬಿಳಿ ಸಕ್ಕರೆ ಹಾಕಿಲ್ಲ ಎಂಬ ಅರ್ಥದಲ್ಲಿ ಬರೆದವರು ಪ್ರಾಮಾಣಿಕರೇ ಇರಬಹುದು. ಆದರೆ ‘ಸಕ್ಕರೆರಹಿತ’ ಎನ್ನಲು 100 ಗ್ರಾಂ ಆಹಾರದಲ್ಲಿ ಎಲ್ಲ ಬಗೆಯ ಸಕ್ಕರೆಯೂ ಸೇರಿ ಅರ್ಧ ಗ್ರಾಂ ಮೀರಬಾರದು. ಬೆಲ್ಲದ ಬಹುಪಾಲು ಸಕ್ಕರೆಯೇ. ಮಧುಮೇಹದ ಮನೆಯವರೊಬ್ಬರು ಈ ಮಾತನ್ನು ನಂಬಿ ದಿನಕ್ಕೆರಡು ಲೋಟ ಕುಡಿದರೆ ಆಗುವುದು ನಿಜವಾದ ಹಾನಿ.

ಕ್ಯಾಲ್ಸಿಯಂ ಮಾತಿಗೆ ಒಂದು ಲೆಕ್ಕ ಸಾಕು. ರಾಗಿ ಕ್ಯಾಲ್ಸಿಯಂ ತುಂಬಿದ ಧಾನ್ಯ ಎಂಬುದು ನಿಜ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಆದರೆ ಲೋಟಕ್ಕೆ ಬೀಳುವುದು 100 ಗ್ರಾಂ ರಾಗಿಯಲ್ಲ, 20 ಗ್ರಾಂ ಮಾಲ್ಟ್. ಅದರಲ್ಲಿ ನೂರಕ್ಕೆ 70 ಪಾಲು ರಾಗಿ ಎಂದುಕೊಂಡರೆ ಸಿಗುವುದು 14 ಗ್ರಾಂ ರಾಗಿ, ಅಂದರೆ 50 ಮಿಲಿಗ್ರಾಂಗೆ ತುಸು ಕಡಿಮೆ ಕ್ಯಾಲ್ಸಿಯಂ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಹೀಗಾಗಿ ‘ದಿನಕ್ಕೆ ಬೇಕಾದಷ್ಟು’ ಎಂಬ ಮಾತು ನಿಜದ ಇಪ್ಪತ್ತು ಪಟ್ಟು. ಹಾಲಿನಲ್ಲಿ ಕಲಸಿದರೆ ಹೆಚ್ಚುತ್ತದೆ, ಆದರೆ ಅದು ಹಾಲಿನ ಕ್ಯಾಲ್ಸಿಯಂ. ಇಲ್ಲಿಂದ ಪಟ್ಟಿಗೆ ಒಂದು ಉಪಪ್ರಶ್ನೆ ಸೇರುತ್ತದೆ: “ಅಂಕಿ ಹೇಳಿದ್ದು ಕಚ್ಚಾ ಪದಾರ್ಥದ್ದೋ, ಗಿರಾಕಿ ಬಳಸುವ ಒಂದು ಸಲದ ಅಳತೆಯದ್ದೋ?” ಕಚ್ಚಾ ಪದಾರ್ಥದ ಗುಣವನ್ನು ಸಿದ್ಧ ಸರಕಿಗೆ ಹೊರಿಸುವುದು ನಾನು ಆಹಾರದ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು.

ಕಾಯಿಲೆಗೆ ರಾಮಬಾಣ, ವೈದ್ಯರ ಶಿಫಾರಸು ಎಂಬ ಮಾತುಗಳಿಗೆ ಹೆಚ್ಚು ಚರ್ಚೆ ಬೇಡ. ಆಹಾರವು ರೋಗ ವಾಸಿ ಮಾಡುತ್ತದೆ ಎನ್ನುವುದಕ್ಕೂ ವೈದ್ಯರು ಶಿಫಾರಸು ಮಾಡಿದ್ದಾರೆ ಎನ್ನುವುದಕ್ಕೂ ನಿಯಮ ಅವಕಾಶ ಕೊಡುವುದಿಲ್ಲ. ದಾರಿತಪ್ಪಿಸುವ ಆಹಾರ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ₹10 ಲಕ್ಷದವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ₹10 ಲಕ್ಷದವರೆಗೆ, ಮತ್ತೆ ತಪ್ಪಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು.

ಮೂರನೆಯ ಪ್ರಶ್ನೆ ಹಣದ್ದು: “ಪ್ರತಿ ಬೆಲೆಯ ಪಕ್ಕದಲ್ಲೂ ಎಷ್ಟಕ್ಕೆ, ಯಾವ ದಿನದವರೆಗೆ, ಯಾವ ಷರತ್ತಿನ ಮೇಲೆ ಎಂಬುದಿದೆಯೇ?” ಕರಡಿನಲ್ಲಿ ₹199 ಇದೆ, ತೂಕವಿಲ್ಲ. ಪೊಟ್ಟಣದ ಸರಕಿನ ಮಾರಾಟ ಬೆಲೆಯನ್ನು ಜಾಹೀರಾತಿನಲ್ಲಿ ಹೇಳಿದರೆ ನಿವ್ವಳ ತೂಕವನ್ನೂ ಹೇಳಬೇಕೆಂದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹೇಳುತ್ತದೆ. ‘ಉಚಿತ’ದ ತಲೆಯ ಮೇಲೊಂದು ನಕ್ಷತ್ರ ಚಿಹ್ನೆ ಇದೆ, ಕರಪತ್ರದಲ್ಲೆಲ್ಲೂ ಅದರ ವಿವರಣೆ ಇಲ್ಲ. ಬರೆದವರು ಷರತ್ತನ್ನು ಆಮೇಲೆ ಸೇರಿಸೋಣವೆಂದು ಬಿಟ್ಟಿದ್ದರು, ಆ ‘ಆಮೇಲೆ’ ಬರಲೇ ಇಲ್ಲ. ಕೇಂದ್ರ ಪ್ರಾಧಿಕಾರದ 2022ರ ಮಾರ್ಗಸೂಚಿಯಂತೆ ಷರತ್ತು ಮೂಲ ಮಾತಿನ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ, ಕಣ್ಣಿಗೆ ಬೀಳುವಂತೆ ಇರಬೇಕು. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಷರತ್ತು ಮುದ್ರಿಸುವಂತಿಲ್ಲ. ಇನ್ನು ಭಾನುವಾರವೆಂದರೆ ಯಾವ ಭಾನುವಾರ? ಕರಪತ್ರದ ಚಿತ್ರ ವಾಟ್ಸ್ಆಪ್‌ನಲ್ಲಿ ಮೂರು ತಿಂಗಳಾದರೂ ಸುತ್ತುತ್ತಿರುತ್ತದೆ. ತಾರೀಖು, ತಿಂಗಳು, ಇಸವಿ ಮೂರೂ ಇರಬೇಕು, ವಾರ ಬರೆದರೆ ಕ್ಯಾಲೆಂಡರ್ ತೆರೆದು ತಾಳೆ ನೋಡಬೇಕು.

ನಾಲ್ಕನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ: “ಈ ಮಾತನ್ನು ನಡೆಸಿಕೊಡಬೇಕಾದವರು ಕರಡನ್ನು ನೋಡಿದ್ದಾರೆಯೇ?” ಫೋನ್ ಎತ್ತುವವರು, ಅಂಗಡಿಯವರು, ಗೋದಾಮಿನವರು ನೋಡಿರಬೇಕು. ಮೂರನೆಯ ಪೊಟ್ಟಣ ಉಚಿತವೆಂದರೆ ಅಷ್ಟು ದಾಸ್ತಾನು ಇದೆಯೇ ಎಂದು ಹೇಳಬೇಕಾದವರು ಗೋದಾಮಿನವರು. ಬೇಕಾದಷ್ಟು ಸರಕಿಲ್ಲದೆ ಕೊಡುಗೆ ಘೋಷಿಸಿ ಗಿರಾಕಿಗಳನ್ನು ಸೆಳೆಯುವುದನ್ನೂ ಆ ಮಾರ್ಗಸೂಚಿ ತಡೆಯುತ್ತದೆ.

ಐದನೆಯದು ಬೇರೆಯವರಿಗೆ ಸೇರಿದ ವಸ್ತುಗಳ ಬಗ್ಗೆ: “ಪ್ರತಿ ಫೋಟೋಗೂ, ಗಿರಾಕಿಯ ಹೇಳಿಕೆಗೂ ಬರಹದ ಒಪ್ಪಿಗೆ ಇದೆಯೇ?” ಅಂತರ್ಜಾಲದಲ್ಲಿ ಸಿಕ್ಕ ಮಗುವಿನ ಚಿತ್ರ ಯಾರದೋ ಮನೆಯ ಮಗುವಿನದು.

ಈ ಐದು ಪ್ರಶ್ನೆಗಳನ್ನು ಕೇಳಬೇಕಾದ್ದು ಕರಡು ಇನ್ನೂ ಬರಿಯ ಮಾತಾಗಿರುವಾಗ, ಡಿಸೈನರ್ ಕೈಗೆ ಹೋಗುವ ಮುನ್ನ. ಇದು ಮೊದಲ ನಿಲುಗಡೆ. ಅದನ್ನು ದಾಟಿ ಬಂದಮೇಲೆ ನಮ್ಮ ಕರಡು ಹೀಗಾಗುತ್ತದೆ: “ಮಕ್ಕಳ ಸಂಜೆಯ ಲೋಟಕ್ಕೆ ರಾಗಿ ಮಾಲ್ಟ್. ಮೊಳಕೆ ಬರಿಸಿ ಹುರಿದ ರಾಗಿ, ಬೆಲ್ಲ, ಏಲಕ್ಕಿ, ಇಷ್ಟೇ. 500 ಗ್ರಾಂ ಪೊಟ್ಟಣ ₹199. ಎರಡು ಕೊಂಡರೆ 500 ಗ್ರಾಂನ ಇನ್ನೊಂದು ಪೊಟ್ಟಣ ಉಚಿತ. ಈ ಕೊಡುಗೆ ನಮ್ಮ ಅಂಗಡಿಯಲ್ಲಿ ಮಾತ್ರ, 2026ರ ನವೆಂಬರ್ 8, ಭಾನುವಾರದವರೆಗೆ.” ರಾಮಬಾಣ ಹೋದರೂ ಹಸಿವು ಹುಟ್ಟಿಸುವ ಶಕ್ತಿ ಹೋಗಿಲ್ಲ. ಪದಾರ್ಥಗಳ ಹೆಸರು ನೇರವಾಗಿ ಹೇಳಿದ್ದರಿಂದ ಅದು ಹೆಚ್ಚಿದೆ ಎಂದೇ ನನ್ನ ಎಣಿಕೆ.

ಎರಡನೆಯ ನಿಲುಗಡೆ ವಿನ್ಯಾಸ ಮುಗಿದ ಮೇಲಿನದು. ಇಲ್ಲಿ ಕಣ್ಣಿಗಿಂತ ಕೈಗೆ ಕೆಲಸ. “ಕರಡಿನಲ್ಲಿರುವ ನಂಬರನ್ನೇ ನೋಡಿಕೊಂಡು ಒಬ್ಬರು ಡಯಲ್ ಮಾಡಿದರೆ ಫೋನ್ ಎಲ್ಲಿ ರಿಂಗಾಯಿತು?” ನಂಬರನ್ನು ಬಲ್ಲವರು ಓದಿ ನೋಡಿದರೆ ಸಾಲದು, ಅವರ ಕಣ್ಣು ಬಿಟ್ಟುಹೋದ ಅಂಕಿಯನ್ನು ತಾನೇ ತುಂಬಿಕೊಳ್ಳುತ್ತದೆ. ಕ್ಯೂಆರ್ ಕೋಡನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಡಿಸೈನರ್ ಅಲ್ಲದ ಇನ್ನೊಬ್ಬರ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಪರದೆಯ ಮೇಲೆ ಕೆಲಸ ಮಾಡಿದ ಕೋಡ್ ಹೆಬ್ಬೆರಳಿನ ಗಾತ್ರಕ್ಕೆ ಕುಗ್ಗಿದಾಗ ಓದಲಾಗದೆ ಹೋಗಬಹುದು.

ಕನ್ನಡದ ಕರಡಿಗೆ ಈ ಹಂತದಲ್ಲಿ ತನ್ನದೇ ಅಪಾಯಗಳಿವೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದದ್ದನ್ನು ಯೂನಿಕೋಡ್ ಬಳಸುವ ಕಡೆ ಅಂಟಿಸಿದರೆ ಅಕ್ಷರಗಳೇ ಕಲಸಿಹೋಗುತ್ತವೆ. ಅದು ಎದ್ದು ಕಾಣುವುದರಿಂದ ಸಿಕ್ಕಿಬೀಳುತ್ತದೆ. ಹೆಚ್ಚು ಮೋಸ ಮಾಡುವುದು, ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆ ಸರಿಯಿಲ್ಲದಾಗ ಬಿಡಿಬಿಡಿಯಾಗುವ ಒತ್ತಕ್ಷರ. ಎಲ್ಲೋ ಎರಡು ಕಡೆ ಮಾತ್ರ ಒತ್ತು ಕೆಳಗೆ ಕೂರುವ ಬದಲು ಪಕ್ಕದಲ್ಲಿ ನಿಂತಿರುತ್ತದೆ. ಕನ್ನಡ ಓದಲು ಬಾರದ ಡಿಸೈನರ್ ಕೈಯಲ್ಲಿ ಒಂದು ಏತ್ವ ಬಿದ್ದು ‘ಕಡಿಮೆ ಬೆಲೆ’ ‘ಕಡಿಮೆ ಬಲೆ’ ಆದರೆ ಕಾಗುಣಿತ ತಿದ್ದುವ ತಂತ್ರಾಂಶಕ್ಕೂ ತಿಳಿಯದು, ಎರಡೂ ಸರಿಯಾದ ಪದಗಳೇ. ಹೀಗಾಗಿ ಇಲ್ಲಿನ ಪ್ರಶ್ನೆ: “ಒಬ್ಬರು ಒಪ್ಪಿತವಾದ ಬರಹವನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಾಡಿಸುತ್ತ ಕೊನೆಯವರೆಗೆ ಹೋದರೇ?” ಹಳೆಯ ಮುದ್ರಣಾಲಯಗಳಲ್ಲಿ ಪ್ರೂಫ್ ನೋಡುತ್ತಿದ್ದುದು ಹೀಗೆಯೇ. ಒಂದು ಕರಪತ್ರಕ್ಕೆ ಐದು ನಿಮಿಷ ಸಾಕು.

ಇಷ್ಟೇ ಬುಡದ ಪಟ್ಟಿ. ಎಲ್ಲ ಬಗೆಯ ಕರಡಿಗೂ ಇದು ಬದಲಾಗದು. ಮಾಧ್ಯಮಕ್ಕೆ ತಕ್ಕಂತೆ ಎರಡು ಮೂರು ಪ್ರಶ್ನೆಗಳ ಚೀಟಿಯೊಂದನ್ನು ಇದಕ್ಕೆ ಪಿನ್ ಮಾಡಿಕೊಂಡರೆ ಆಯಿತು. ಎಸ್‌ಎಂಎಸ್ ಚೀಟಿಯಲ್ಲಿ ಉದ್ದದ ಪ್ರಶ್ನೆ ಇರಲಿ, ಏಕೆಂದರೆ ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ ಸಿಗುವುದು 70, ಅದರಲ್ಲೂ ಗುಣಿತದ ಚಿಹ್ನೆಗಳು ಬೇರೆಯಾಗಿ ಎಣಿಕೆಯಾಗುತ್ತವೆ. ಹಣ ಕೊಟ್ಟು ಯಾರಿಂದಲಾದರೂ ವಿಡಿಯೋದಲ್ಲಿ ಹೊಗಳಿಸಿದ್ದರೆ, ಅದು ಜಾಹೀರಾತು ಎಂದು ನೋಡುವವರಿಗೆ ಸ್ಪಷ್ಟವಾಗಿ ತಿಳಿಯುತ್ತದೆಯೇ ಎಂಬುದು ವಿಡಿಯೋ ಚೀಟಿಯ ಮೊದಲ ಸಾಲಾಗಬೇಕು. ಆಹಾರ, ಸಾಲ, ಶಿಕ್ಷಣ ಹೀಗೆ ಪ್ರತ್ಯೇಕ ನಿಯಮಗಳಿರುವ ಕ್ಷೇತ್ರಕ್ಕೂ ಒಂದೊಂದು ಚೀಟಿ. ಎಲ್ಲವನ್ನೂ ಬುಡದ ಪಟ್ಟಿಗೇ ತುರುಕಿದರೆ ಅದು ನಲವತ್ತು ಸಾಲಾಗುತ್ತದೆ. ನಲವತ್ತು ಸಾಲಿನ ಪಟ್ಟಿಯನ್ನು ಓದದೆ ಟಿಕ್ ಮಾಡುತ್ತಾರೆ.

ಆ ರೋಗ ಬಂದಿದೆಯೆಂದು ತಿಳಿಯುವುದು ಕಷ್ಟವಲ್ಲ. ಎಲ್ಲ ಟಿಕ್‌ಗಳೂ ಒಂದೇ ಓಟದಲ್ಲಿ, ಒಂದೇ ಓರೆಯಲ್ಲಿ ಬಿದ್ದಿರುತ್ತವೆ. ‘ಇಲ್ಲ’ ಎಂಬ ಉತ್ತರ ತಿಂಗಳುಗಟ್ಟಲೆ ಕಾಣುವುದಿಲ್ಲ. ಆಗ ಟಿಕ್ ಹಾಕುವ ಜಾಗದಲ್ಲಿ ಉತ್ತರ ಬರೆಸಿ: ‘ಬೆಲೆ ತಾಳೆಯಾಯಿತು’ ಎಂಬುದರ ಬದಲು ‘ದರಪಟ್ಟಿಯ ತಾರೀಖು ಇಂಥದ್ದು’, ‘ನಂಬರ್ ಸರಿ’ ಎಂಬುದರ ಬದಲು ‘ಫೋನ್ ಎತ್ತಿದವರು ಇಂಥವರು’. ಕರಡು ಬರೆದವರೇ ತಪಾಸಣೆಗೆ ಸಹಿ ಹಾಕಬಾರದು. ಇಬ್ಬರೇ ಇರುವ ಘಟಕದಲ್ಲಿ ಒಬ್ಬರು ಬರೆದರೆ ಇನ್ನೊಬ್ಬರು ನೋಡಲಿ. ಒಬ್ಬರೇ ಇದ್ದರೆ ಒಂದು ರಾತ್ರಿ ಬಿಟ್ಟು, ಪರದೆಯ ಮೇಲಲ್ಲದೆ ಕಾಗದದ ಮೇಲೆ ನೋಡಿ. ತಪ್ಪು ಸಿಕ್ಕಿ ತಿದ್ದಿದ ಮೇಲೆ ಆ ಸಾಲನ್ನಷ್ಟೇ ಅಲ್ಲ, ಅದರ ಅಕ್ಕಪಕ್ಕದ ಸಾಲುಗಳನ್ನೂ ಮತ್ತೆ ಓದಬೇಕು. ಕೊನೆಯ ಗಳಿಗೆಯ ತಿದ್ದುಪಡಿಯೇ ಹೊಸ ತಪ್ಪನ್ನು ತರುವುದು ಈ ಕೆಲಸದಲ್ಲಿ ತೀರ ಸಾಮಾನ್ಯ.

ಪಟ್ಟಿಯನ್ನು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಕೆದಕಬೇಕು. ಹೊಸ ಎಡವಟ್ಟು ನಡೆದಾಗ ಪ್ರಶ್ನೆ ಸೇರಿಸುವ ಮುನ್ನ, ಇರುವ ಯಾವುದಾದರೂ ಪ್ರಶ್ನೆ ಅದನ್ನು ಹಿಡಿಯಬೇಕಿತ್ತೇ ಎಂದು ನೋಡಿ. ಹಿಡಿಯಬೇಕಿದ್ದರೆ ಆ ಪ್ರಶ್ನೆಯ ಮಾತನ್ನೇ ಬಿಗಿಮಾಡಿ. ವರ್ಷವಿಡೀ ಒಂದೇ ಒಂದು ತಪ್ಪನ್ನೂ ಹಿಡಿಯದ ಪ್ರಶ್ನೆ, ಕಾನೂನಿಗೆ ಸಂಬಂಧಿಸಿದ್ದಲ್ಲದಿದ್ದರೆ, ಜಾಗ ಬಿಟ್ಟುಕೊಡಲಿ. ನಿಯಮಗಳು ಬದಲಾಗುವುದರಿಂದ ಕಾನೂನಿನ ಪ್ರಶ್ನೆಗಳ ಪಕ್ಕದಲ್ಲಿ ಕೊನೆಯ ಬಾರಿ ಪರಿಶೀಲಿಸಿದ ತಾರೀಖು ಇರಲಿ.

ಒಂದು ಮಿತಿಯನ್ನು ಒಪ್ಪಿಕೊಂಡೇ ಇದನ್ನು ಬಳಸಬೇಕು. ಸುಳ್ಳಿಲ್ಲದ, ಬೆಲೆ ತಪ್ಪದ, ನಂಬರ್ ಸರಿಯಿರುವ ಕರಪತ್ರವೂ ಸಪ್ಪೆಯಾಗಿರಬಹುದು. ಸಪ್ಪೆ ಬರಹಕ್ಕೆ ಜೀವ ತುಂಬುವ ಪ್ರಶ್ನೆ ಯಾವ ಪಟ್ಟಿಯಲ್ಲೂ ಇಲ್ಲ, ಅದು ಬರೆಯುವವರ ಕೆಲಸ. ಪಟ್ಟಿ ಮಾಡುವುದು ನಂಬಿ ಬಂದ ಗಿರಾಕಿಗೆ ಅನ್ಯಾಯವಾಗದಂತೆ ತಡೆಯುವುದನ್ನು ಮಾತ್ರ.

ನಿಮ್ಮಲ್ಲಿ ಅಂಗಡಿಯೋ, ಸ್ತ್ರೀಶಕ್ತಿ ಸಂಘವೋ, ಟ್ಯೂಷನ್ ತರಗತಿಯೋ ಇದ್ದರೆ, ಮುಂದಿನ ಕರಪತ್ರ ಬರೆಯುವ ಮೊದಲು ಹಳೆಯ ಕರಪತ್ರಗಳನ್ನು ಹರಡಿಕೊಂಡು ಒಂದು ಮಧ್ಯಾಹ್ನ ಕೂತುಕೊಳ್ಳಿ, ಫೋನ್ ಎತ್ತುವವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಮೊದಲ ಪಟ್ಟಿಯಲ್ಲಿ ಐದೇ ಪ್ರಶ್ನೆಗಳಿದ್ದರೂ ಸಾಕು, ಅವು ನಿಮ್ಮಲ್ಲಿ ನಿಜವಾಗಿ ನಡೆದ ತಪ್ಪುಗಳಿಂದ ಬಂದಿರಲಿ.